ಹೆಸರು ಅಳಿಸಿದ ಮೇಲೂ ಸಿಕ್ಕಿಬೀಳುವ ಪೋಸ್ಟ್

ಪ್ರಶ್ನೆ: ಮೇಡಂ, ನಾನು ಮೈಸೂರಿನಲ್ಲಿ ಸಮಾಜಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಮಂಡ್ಯ ಕಡೆಯ ಕಬ್ಬು ಬೆಳೆಗಾರರ ಸಾಲದ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಫೇಸ್‌ಬುಕ್‌ನ ರೈತರ ಗ್ರೂಪ್ ಒಂದರಿಂದ ಸುಮಾರು 400 ಪೋಸ್ಟ್ ಇಳಿಸಿಕೊಂಡಿದ್ದೇನೆ. ಗ್ರೂಪ್ ಪಬ್ಲಿಕ್, ಯಾರು ಬೇಕಾದರೂ ನೋಡಬಹುದು. ಅಡ್ಮಿನ್ ಕೂಡ ಓಕೆ ಅಂದಿದ್ದಾರೆ. ಹೆಸರು ತೆಗೆದು ಕೆಲವು ಪೋಸ್ಟ್‌ಗಳನ್ನು ಹಾಗೇ ಹಾಕಬಹುದಲ್ವಾ?

ಉತ್ತರ: 400 ಪೋಸ್ಟ್ ಎಣಿಸುವುದು ಒಂದು ಕೆಲಸ, ಅದರಲ್ಲಿ ಒಂದನ್ನು ಎತ್ತಿ ಪ್ರಬಂಧದಲ್ಲಿ ಕೂರಿಸುವುದು ಬೇರೆಯೇ ಕೆಲಸ. ಎಷ್ಟು ಪೋಸ್ಟ್‌ಗಳಲ್ಲಿ ಸೊಸೈಟಿ ಸಾಲದ ಮಾತಿದೆ, ಎಷ್ಟರಲ್ಲಿ ಕಾರ್ಖಾನೆ ಬಾಕಿ, ಎಷ್ಟರಲ್ಲಿ ಚಿನ್ನದ ಸಾಲ ಎಂದು ಲೆಕ್ಕ ಹಾಕಿ ಕೋಷ್ಟಕ ಕೊಟ್ಟರೆ ಯಾರೂ ಬಯಲಿಗೆ ಬರುವುದಿಲ್ಲ. ನಿಮ್ಮ ವಿಭಾಗದ ನೈತಿಕ ಸಮಿತಿಗೆ ತಿಳಿಸಿ ಆ ಕೆಲಸ ಮುಂದುವರಿಸಿ. 400 ಜನರನ್ನೂ ಕೇಳಿ ಬನ್ನಿ ಎಂದು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ತೊಂದರೆ ಇರುವುದು ನೀವು ‘ಹಾಗೇ’ ಹಾಕಬೇಕು ಎಂದಿರುವ ಆ ಕೆಲವು ಪೋಸ್ಟ್‌ಗಳಲ್ಲಿ.

ನಿಜವಾದ ಪೋಸ್ಟ್ ಬೇಡ, ಅಂಥದ್ದೇ ಒಂದನ್ನು ನಾನೇ ಕಟ್ಟುತ್ತೇನೆ: ‘ಮಳವಳ್ಳಿ ತಾವ ನಮ್ದು ಎರಡೆಕ್ರೆ ಕಬ್ಬು, ನಾಲೆ ಕೊನೇಲೈತೆ, ನೀರೇ ಬರಕಿಲ್ಲ. ಯಜಮಾನ್ರು ಹೋಗಿ ಎರ್ಡು ವರ್ಷ ಆಯ್ತು. ಮಗಳ ನರ್ಸಿಂಗ್ ಫೀಸಿಗೆ ಅಂತ ಒಡವೆ ಇಟ್ಟಿವ್ನಿ, ಹರಾಜಿಗೆ ನೋಟಿಸ್ ಬಂದೈತೆ.’

ಬರೆದವರ ಹೆಸರು ಇದರಲ್ಲಿ ಇಲ್ಲ. ಆದರೂ ಅವರನ್ನು ಹುಡುಕಲು ಎರಡು ದಾರಿ ಇದೆ.

ಮೊದಲನೆಯದು ಸರ್ಚ್. ಈ ಪೋಸ್ಟ್‌ನ ಆರೇಳು ಪದ ಕಾಪಿ ಮಾಡಿ ಹುಡುಕಿದರೆ ಮೂಲ ಪೋಸ್ಟ್ ಎದುರಿಗೆ ಬಂದು ನಿಲ್ಲಬಹುದು, ಜೊತೆಗೆ ಹೆಸರು, ಫೋಟೋ. ಗೂಗಲ್‌ನಲ್ಲಿ ಸಿಗದಿದ್ದರೂ ಗ್ರೂಪಿನ ಒಳಗಿನ ಸರ್ಚ್‌ನಲ್ಲಿ ಸಿಗಬಹುದು. ನಮ್ಮ ಕಡೆಯ ಮಾತಿನಲ್ಲಿ ಬರೆದದ್ದು ಇನ್ನೂ ಬೇಗ ಸಿಗುತ್ತದೆ. ‘ಬರಕಿಲ್ಲ’, ‘ಇಟ್ಟಿವ್ನಿ’ ಇವನ್ನೆಲ್ಲ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, ಅದೇ ಅಕ್ಷರದಲ್ಲಿ ಅದೇ ಸಾಲನ್ನು ಇನ್ನೊಬ್ಬರು ಬರೆದಿರುವುದು ಅಪರೂಪ. ಟ್ವಿಟರ್ ಬಳಸಿ ಮಾಡಿದ ಆರೋಗ್ಯ ಸಂಶೋಧನೆಗಳನ್ನು 2018ರಲ್ಲಿ ಒಂದು ತಂಡ ಪರಿಶೀಲಿಸಿತ್ತು. ಅವುಗಳಲ್ಲಿ ಉಲ್ಲೇಖಿಸಿದ್ದ ಸಾಲುಗಳನ್ನು ಸುಮ್ನೆ ಸರ್ಚ್ ಮಾಡಿದಾಗ 84 ಶೇಕಡಾ ಸಲ ಬರೆದವರೇ ಸಿಕ್ಕರು.

ಎರಡನೆಯ ದಾರಿಗೆ ಇಂಟರ್ನೆಟ್ಟೇ ಬೇಡ. ಮಳವಳ್ಳಿ, ನಾಲೆಯ ಕೊನೆ, ಗಂಡ ತೀರಿಕೊಂಡು ಎರಡು ವರ್ಷ, ನರ್ಸಿಂಗ್ ಓದುವ ಮಗಳು, ಹರಾಜಿಗೆ ಬಂದ ಒಡವೆ. ಬಿಡಿಬಿಡಿಯಾಗಿ ಇವು ನೂರಾರು ಮನೆಗಳಿಗೆ ಹೊಂದುತ್ತವೆ, ಐದೂ ಕೂಡಿದರೆ ಬಹುಶಃ ಒಂದೇ ಮನೆಗೆ. ಈ ಹೆಣ್ಣುಮಗಳಿಗೆ ಭಯ ಇರುವುದು ಬೆಂಗಳೂರಿನ ಅಪರಿಚಿತ ಓದುಗರಿಂದ ಅಲ್ಲ. ಮೈದುನ, ಬೀಗರಾಗಬಹುದಾದವರು, ಸಾಲ ಕೊಟ್ಟ ಪಕ್ಕದ ಊರಿನವರು ಓದಿದರೆ ಏನು ಗತಿ ಎಂದು ಅವರು ಯೋಚಿಸುತ್ತಾರೆ. ಹೆಸರು ಅಳಿಸಿದ್ದು ಇಂಥವರ ಮುಂದೆ ಏನೂ ಕೆಲಸಕ್ಕೆ ಬರುವುದಿಲ್ಲ.

‘ಪಬ್ಲಿಕ್ ಗ್ರೂಪಲ್ವಾ, ಅವರೇ ಹಾಕಿದ್ದಲ್ವಾ’ ಎಂದು ನೀವು ಕೇಳಬಹುದು. ಅವರು ಬರೆದದ್ದು ನೀರಿನ ಕಷ್ಟ ಗೊತ್ತಿರುವ ನಾಲ್ಕು ಜನ ಓದಲಿ ಎಂದು. ಅದು ನಾಲ್ಕು ದಿನದಲ್ಲಿ ಕೆಳಗೆ ಸರಿದು ಮರೆತುಹೋಗುತ್ತದೆ ಎಂದುಕೊಂಡಿರುತ್ತಾರೆ. ನಿಮ್ಮ ಪ್ರಬಂಧ ಹಾಗೆ ಸರಿದು ಹೋಗುವುದಿಲ್ಲ. ಕಾನೂನಿನ ಮಾತು ಬಂದಾಗ ವಿದ್ಯಾರ್ಥಿಗಳು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 3ನೇ ಸೆಕ್ಷನ್ ತೋರಿಸುತ್ತಾರೆ. ವ್ಯಕ್ತಿ ತಾನೇ ಬಹಿರಂಗ ಮಾಡಿದ ಮಾಹಿತಿಗೆ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಅಲ್ಲಿರುವುದು ನಿಜ. ಅಲ್ಲಿರುವ ‘ತಾನೇ’ ಎಂಬುದನ್ನು ಗಮನಿಸಿ. ಕೆಳಗಿನ ಕಾಮೆಂಟಿನಲ್ಲಿ ಯಾರೋ ‘ನಮ್ಮ ಪಕ್ಕದ ಮನೆಯವರೂ ಹಿಂಗೇ ಒಡವೆ ಕಳ್ಕೊಂಡ್ರು’ ಎಂದು ವಿವರ ಬರೆದಿದ್ದರೆ, ಆ ಪಕ್ಕದ ಮನೆಯವರು ಏನನ್ನೂ ಬಹಿರಂಗ ಮಾಡಿಲ್ಲ. ಪೋಸ್ಟ್‌ಗಿಂತ ಕಾಮೆಂಟುಗಳಲ್ಲೇ ಇಂಥದ್ದು ಜಾಸ್ತಿ. ಅಂಥ ಕಾಮೆಂಟು ಮುಟ್ಟಬೇಡಿ.

ಹಾಗಾದರೆ ದಾರಿ? ಮೊದಲು ತಿರುಗಿಸಿ ಬರೆದು ನೋಡಿ. ನಿಮ್ಮ ವಾದಕ್ಕೆ ಯಾವ ವಿವರ ಬೇಕು ಎಂದು ಕೇಳಿಕೊಳ್ಳಿ. ನಾಲೆಯ ಕೊನೆಯವರಿಗೆ ನೀರು ಬರದೆ ಸಾಲ ಏರುತ್ತದೆ ಎಂಬುದು ನಿಮ್ಮ ವಾದವಾದರೆ ನಾಲೆಯ ಕೊನೆ ಉಳಿಯಲೇಬೇಕು. ಮಳವಳ್ಳಿ ‘ಮಂಡ್ಯ ಜಿಲ್ಲೆ’ ಆಗಲಿ. ನರ್ಸಿಂಗ್ ‘ಮಕ್ಕಳ ಓದು’ ಆಗಲಿ. ಗಂಡನ ಸಾವು ಬೇಡವೇ ಬೇಡ. ಆಗ ಸಾಲು ಹೀಗಾಗುತ್ತದೆ: ‘ನಾಲೆಯ ಕೊನೆ ಭಾಗದ ಒಬ್ಬರು, ಮಕ್ಕಳ ಓದಿಗೆ ಅಡವಿಟ್ಟ ಚಿನ್ನ ಹರಾಜಿಗೆ ಬಂದಿದೆ ಎಂದು ಬರೆದಿದ್ದರು.’ ಈ ಸಾಲನ್ನೂ ಸರ್ಚ್‌ಗೆ ಹಾಕಿ. ಆಮೇಲೆ ಆ ಕಡೆಯ ಪರಿಚಯ ಇರುವ ಒಬ್ಬರಿಗೆ ಈ ಹೊಸ ಸಾಲನ್ನು ಮಾತ್ರ ತೋರಿಸಿ, ಮೂಲ ತೋರಿಸಬೇಡಿ. ‘ಓ, ಇದು ಇಂಥವರ ಮನೆ ಕಥೆ’ ಎಂದರೆ ಇನ್ನೊಂದು ವಿವರ ಕಳೆಯಿರಿ. ವಿವರ ಬದಲಿಸಿದ್ದೀರಿ ಎಂಬುದನ್ನು ವಿಧಾನದ ಅಧ್ಯಾಯದಲ್ಲಿ ಬರೆಯಿರಿ. ಗ್ರೂಪಿನ ಹೆಸರನ್ನೂ ಹಾಕಬೇಡಿ. 2008ರಲ್ಲಿ ಅಮೆರಿಕದಲ್ಲಿ ವಿದ್ಯಾರ್ಥಿಗಳ ಫೇಸ್‌ಬುಕ್ ಮಾಹಿತಿಯನ್ನು ಹೆಸರು ತೆಗೆದು, ಕಾಲೇಜು ಯಾವುದೆಂದು ಹೇಳದೆ ಬಿಡುಗಡೆ ಮಾಡಿದ್ದರು. ಜೊತೆಗೆ ಕೊಟ್ಟ ವಿವರಣೆ ನೋಡಿಯೇ ಅದು ಹಾರ್ವರ್ಡ್ ಎಂದು ಬೇಗ ಗೊತ್ತಾಯಿತು, ಮಾಹಿತಿ ವಾಪಸ್ ಪಡೆಯಬೇಕಾಯಿತು.

ಹೀಗೆ ತಿರುಗಿಸಿ ಬರೆದರೆ ಅವರ ದನಿ ಹೋಗುತ್ತದೆ, ಅದು ಸಣ್ಣ ನಷ್ಟವಲ್ಲ. ಆ ಮಂಡ್ಯದ ಮಾತೇ ಬೇಕೆಂದರೆ ಬರೆದವರನ್ನು ಕೇಳಲೇಬೇಕು. ಅಡ್ಮಿನ್ ಒಪ್ಪಿಗೆ ಗ್ರೂಪಿನಲ್ಲಿ ಓದಿಕೊಂಡು ಇರುವುದಕ್ಕೆ ಸಾಕು, ಬೇರೆಯವರ ಮಾತನ್ನು ಕೊಡುವ ಹಕ್ಕು ಅವರಿಗೂ ಇಲ್ಲ.

ಕೇಳುವಾಗ ಕಾಮೆಂಟಿನಲ್ಲಿ ಕೇಳಬೇಡಿ, ಎಲ್ಲರ ಕಣ್ಣೂ ಆ ಪೋಸ್ಟಿನ ಮೇಲೆ ಬೀಳುತ್ತದೆ. ನಿಮ್ಮದೇ ಅಕೌಂಟಿನಿಂದ ಖಾಸಗಿ ಮೆಸೇಜ್ ಕಳಿಸಿ. ಹಳ್ಳಿ ಮನೆಗಳಲ್ಲಿ ಒಂದೇ ಫೋನನ್ನು ಮೂರು ಜನ ನೋಡುತ್ತಾರೆ. ಹಾಗಾಗಿ ಮೊದಲ ಮೆಸೇಜಿನಲ್ಲಿ ಒಡವೆ, ಹರಾಜು ಎಂಬ ಮಾತೇ ಬರಬಾರದು. ‘ಅಕ್ಕ, ನಾನು ಮೈಸೂರಿನ ಎಂ.ಎ. ವಿದ್ಯಾರ್ಥಿನಿ. ಕಬ್ಬಿನ ಗ್ರೂಪಿನಲ್ಲಿ ನೀವು ಬರೆದಿದ್ದು ಓದಿದೆ. ಓದಿನ ವಿಷಯಕ್ಕೆ ಎರಡು ಮಾತು ಕೇಳಬಹುದಾ?’ ಇಷ್ಟು ಸಾಕು. ಅವರು ಮಾತಿಗೆ ಸಿಕ್ಕ ಮೇಲೆ ಯಾವ ಸಾಲು ಬೇಕು, ಎಲ್ಲಿ ಅಚ್ಚಾಗುತ್ತದೆ, ಸರ್ಚ್ ಮಾಡಿದರೆ ಮೂಲ ಸಿಗಬಹುದು, ಯಾವ ತಾರೀಕಿನವರೆಗೆ ‘ಬೇಡ’ ಅನ್ನಬಹುದು ಎಂಬುದನ್ನು ಹೇಳಿ. ಗೈಡ್ ಹೆಸರು ಕೊಡಿ. ಅಪರಿಚಿತರ ಮೆಸೇಜ್ ರಿಕ್ವೆಸ್ಟ್ ಪಟ್ಟಿಯಲ್ಲಿ ಕೂತು ಕಣ್ಣಿಗೆ ಬೀಳದೆ ಹೋಗುವುದೂ ಉಂಟು. ಒಂದು ಸಲ ನೆನಪಿಸಿ. ಉತ್ತರ ಬರದಿದ್ದರೆ ಒಪ್ಪಿಗೆ ಇಲ್ಲ ಎಂದೇ ಲೆಕ್ಕ, ತಿರುಗಿಸಿ ಬರೆದ ಸಾಲಿಗೇ ಹೋಗಿ.

ಅಡ್ಮಿನ್ ಒಪ್ಪಿದರೆ ಮಾತ್ರ ಸೇರಬಹುದಾದ ಗ್ರೂಪು ಮತ್ತು ವಾಟ್ಸ್‌ಆ್ಯಪ್ ಗ್ರೂಪುಗಳು ಪಬ್ಲಿಕ್ ಅಲ್ಲ. ಅಲ್ಲಿ ಸದಸ್ಯರಿಗೆ ತಿಳಿಸದೆ ಇಳಿಸಿಕೊಳ್ಳುವುದೇ ತಪ್ಪು.

ನಿಮ್ಮ ಎಕ್ಸೆಲ್ ಫೈಲನ್ನು ಇವತ್ತೇ ತೆರೆಯಿರಿ. ಹೆಸರು ಮತ್ತು ಪೋಸ್ಟ್ ಲಿಂಕ್ ಇರುವ ಕಾಲಂಗಳನ್ನು ಪಾಸ್‌ವರ್ಡ್ ಇರುವ ಬೇರೆ ಫೈಲಿಗೆ ಸಾಗಿಸಿ, ಇಲ್ಲಿ 1, 2, 3 ಎಂಬ ಸಂಖ್ಯೆ ಮಾತ್ರ ಉಳಿಸಿ. ಫೋಟೋ ಕಾಣುವ ಸ್ಕ್ರೀನ್‌ಶಾಟ್ ಅಳಿಸಿ. ಪ್ರಬಂಧ ಒಪ್ಪಿಸುವ ವಾರದಲ್ಲಿ ನೀವು ಬಳಸಿದ ಪ್ರತಿ ಪೋಸ್ಟ್‌ನ ಲಿಂಕನ್ನು ಮತ್ತೆ ತೆರೆದು ನೋಡಿ. ಪೋಸ್ಟ್ ಕಾಣದಿದ್ದರೆ ಬರೆದವರೇ ತೆಗೆದಿರಬಹುದು ಎಂದುಕೊಂಡು ನಿಮ್ಮ ಪುಟದಿಂದಲೂ ಆ ಸಾಲನ್ನು ತೆಗೆಯಿರಿ, ತಿರುಗಿಸಿ ಬರೆದದ್ದಾದರೂ ಸರಿ.