ವಿಡ್ತ್, ಲೆಂತ್, ಡೆಪ್ತ್ ಕಲಸೋಗ್ತಿದ್ಯಾ?

"ಬಿಕಾಂ ಎಕ್ಸಾಂ ಹತ್ರ ಬಂತು, ಪ್ರಾಡಕ್ಟ್ ಮಿಕ್ಸ್‌ನಲ್ಲಿ ವಿಡ್ತ್, ಲೆಂತ್, ಡೆಪ್ತ್ ಮೂರೂ ಒಂದೇ ಥರ ಕಾಣ್ತವೆ, ಹೆಂಗೆ ನೆನಪಿಟ್ಕೊಳ್ಳೋದು?"

ಡೆಫಿನಿಷನ್ ಉರು ಹೊಡೀಬೇಡಿ, ಮೂರು ಕಾಲಂ ಟೇಬಲ್ ಹಾಕಿ: ಪದ, ಏನನ್ನ ಎಣಿಸ್ಬೇಕು, ಉತ್ತರ. ನಾನು ತುಮಕೂರು ಬಿ.ಎಚ್. ರಸ್ತೆಲಿರೋ ಒಂದು ಬೇಕರಿ ಇಟ್ಕೊಂಡು ಓದಿದ್ದೆ. ಅಲ್ಲಿ ಬ್ರೆಡ್, ಬಿಸ್ಕೆಟ್, ಖಾರ ಅಂತ ಮೂರು ಲೈನ್ ಅಂದ್ಕೊಳಿ, ಅದು ವಿಡ್ತ್, 3. ಬ್ರೆಡ್‌ನಲ್ಲಿ 2 ಐಟಂ, ಬಿಸ್ಕೆಟ್‌ನಲ್ಲಿ 4, ಖಾರದಲ್ಲಿ 3, ಎಲ್ಲಾ ಕೂಡಿಸಿದ್ರೆ 9, ಅದು ಲೆಂತ್. ಈಗ ಬೆಣ್ಣೆ ಬಿಸ್ಕೆಟ್ ಒಂದನ್ನೇ ತಗೊಳಿ, ಸಿಹಿ ಮತ್ತೆ ಖಾರ ಎರಡು ರುಚಿ, ಒಂದೊಂದ್ರಲ್ಲೂ ಚಿಕ್ಕ ಪ್ಯಾಕು ದೊಡ್ಡ ಪ್ಯಾಕು, ಒಟ್ಟು 4, ಅದು ಆ ಬಿಸ್ಕೆಟ್ಟಿನ ಡೆಪ್ತ್.

ನೆನಪಿಗೆ ಕನ್ನಡನೇ ಸಾಕು: ಅಗಲ ಅಂದ್ರೆ ಅಡ್ಡಕ್ಕೆ ಜೋಡಿಸಿರೋ ರ‍್ಯಾಕ್‌ಗಳು, ಉದ್ದ ಅಂದ್ರೆ ಎಲ್ಲಾ ರ‍್ಯಾಕಿನ ಐಟಂ ಒಟ್ಟು, ಆಳ ಅಂದ್ರೆ "ಆ ಒಂದೇ" ಐಟಂ ಒಳಗಿನ ವೆರೈಟಿ.

ಎಡವೋದು ಎಲ್ಲಿ ಅಂದ್ರೆ, ಲೆಂತ್‌ನಲ್ಲಿ ಬೆಣ್ಣೆ ಬಿಸ್ಕೆಟ್‌ನ 1 ಐಟಂ ಅಂತ ಎಣಿಸೋ ಬದಲು ಆ 4 ಪ್ಯಾಕ್ ಎಣಿಸಿ, 9ರ ಜಾಗದಲ್ಲಿ 12 ಅಂತ ಬರೆದ್ಬಿಡ್ತಾರೆ, ನಾನೂ ಇಂಟರ್ನಲ್ಸ್‌ನಲ್ಲಿ ಅದೇ ಮಾಡಿದ್ದೆ. ರಾತ್ರಿ ಮೂರನೇ ಕಾಲಂ ಮುಚ್ಕೊಂಡು ನಿಮ್ಮೂರಿನ ಬೇರೆ ಅಂಗಡಿ ಲೆಕ್ಕ ಹಾಕಿ ನೋಡಿ, ಹಿಂಗೇ ವೆರೈಟಿನೂ ಲೆಂತಿಗೆ ಸೇರಿಹೋಗಿದ್ರೆ ಡೆಪ್ತ್ ಇನ್ನೂ ಕೂತಿಲ್ಲ ಅಂತ.