ಸಹಿ ಹಾಕದ ಜನರ ಒಪ್ಪಿಗೆ ಪಡೆಯುವುದು ಹೇಗೆ?

ಪ್ರಶ್ನೆ: ನಾನು ಎಂ.ಎ. ವಿದ್ಯಾರ್ಥಿನಿ. ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ದಲಿತ ಕ್ರೈಸ್ತ ಕುಟುಂಬಗಳನ್ನು ಮಾತಾಡಿಸಬೇಕು. ಗೈಡ್ ಸಹಿ ಮಾಡಿದ ಒಪ್ಪಿಗೆ ಪತ್ರ ಬೇಕೇ ಬೇಕು ಅಂತಾರೆ, ಜನ ಸಹಿ ಹಾಕಲ್ಲ. ಪಾಸ್ಟರ್ ಒಪ್ಪಿದ್ದಾರೆ. ಹೆಸರು ಬದಲಿಸಿದರೆ ಸಾಕಲ್ವಾ?

ಉತ್ತರ:

ಸಾಕಾಗುವುದಿಲ್ಲ. ಸಿಂಧನೂರು, ಮಾನ್ವಿ ಕಡೆಯ ಕೇರಿಗಳಲ್ಲಿ ಇಂಥದೇ ಸಂದರ್ಶನ ಮಾಡಿದವನಾಗಿ ಹೇಳುತ್ತಿದ್ದೇನೆ.

ಜನ ಸಹಿಗೆ ಹೆದರುವುದಕ್ಕೆ ಗಟ್ಟಿ ಕಾರಣವಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರನ್ನು ಬಿಟ್ಟು ಬೇರೆ ಧರ್ಮದವರನ್ನು ಪರಿಶಿಷ್ಟ ಜಾತಿಯವರೆಂದು ಪರಿಗಣಿಸುವುದಿಲ್ಲ. ಭಾನುವಾರ ಪ್ರಾರ್ಥನೆಗೆ ಹೋಗುವ ಎಷ್ಟೋ ಮನೆಗಳಲ್ಲಿ ಮಗನ ಸ್ಕಾಲರ್‌ಶಿಪ್, ಹಾಸ್ಟೆಲ್ ಸೀಟು ಎಲ್ಲ ಜಾತಿ ಪ್ರಮಾಣಪತ್ರದ ಮೇಲೆ ನಿಂತಿರುತ್ತವೆ. 'ಕ್ರೈಸ್ತರ ಅಧ್ಯಯನ' ಎಂಬ ತಲೆಬರಹದ ಹಾಳೆಯಲ್ಲಿ ಆ ತಾಯಿ ಸಹಿ ಹಾಕಿದರೆ, ಅದೇ ಅವಳ ವಿರುದ್ಧದ ಸಾಕ್ಷಿಯಾಗಬಹುದು. ಹಾಳೆ ವಿಭಾಗದ ಬೀರುವಿನಲ್ಲಿದ್ದರೂ ಅಷ್ಟೇ. ವಕೀಲರಿಗೆ ಹೇಳಿದ ಮಾತಿಗೆ ಕಾನೂನಿನ ರಕ್ಷಣೆ ಇದೆ, ಸಂಶೋಧಕರಿಗೆ ಹೇಳಿದ್ದಕ್ಕೆ ಇಲ್ಲ. ಕೋರ್ಟ್ ಅಥವಾ ಪೊಲೀಸರು ಕಾಗದ ಕೇಳಿದರೆ ನೀವು ಕೊಡಬೇಕಾಗಬಹುದು. ಹಾಗಾಗಿ 'ಗುಟ್ಟಾಗಿ ಇಡ್ತೀನಿ' ಎಂದು ಪೂರ್ತಿ ಭರವಸೆ ಕೊಡಬೇಡಿ. ಇಲ್ಲದ ಕಾಗದವನ್ನು ಮಾತ್ರ ಯಾರೂ ಕೇಳಲಾರರು. ಹೆಬ್ಬೆಟ್ಟು ಒತ್ತಿಸಿದರೂ ಪರಿಹಾರವಲ್ಲ. ಅದಕ್ಕೆ ಸಾಕ್ಷಿಯೊಬ್ಬರು ಬೇಕು, ಆ ಸಾಕ್ಷಿ ಸಾಮಾನ್ಯವಾಗಿ ಅದೇ ಓಣಿಯವರೇ ಆಗಿರುತ್ತಾರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ, ಎಥಿಕ್ಸ್ ಕಮಿಟಿ ಒಪ್ಪಿದರೆ ಬಾಯಿಮಾತಿನ ಒಪ್ಪಿಗೆಗೆ ಅವಕಾಶ ಕೊಡುತ್ತದೆ. ಅದು ಆರೋಗ್ಯ ಸಂಶೋಧನೆಗೆ ಬರೆದದ್ದು. ಆದರೂ ಗೈಡ್ ಮುಂದಿಡಲು ಒಳ್ಳೆಯ ಆಧಾರ. ಸಹಿಯಿಂದಲೇ ಅಪಾಯ ಹೇಗೆ ಎಂದು ಒಂದು ಪುಟ ಬರೆದು, ಕ್ಷೇತ್ರಕ್ಕೆ ಹೋಗುವ ಮೊದಲೇ ಅನುಮತಿ ತೆಗೆದುಕೊಳ್ಳಿ. ಆಮೇಲೆ ಹೀಗೆ ಮಾಡಿ. ನೀವು ಯಾರು, ಏನು ಕೇಳುತ್ತೀರಿ, ಬರೆದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಆಡುಮಾತಿನಲ್ಲಿ ಓದಿ ಹೇಳಿ. 'ಈಗ ನೀವೇ ಹೇಳ್ರಿ ಅಮ್ಮಾ, ನಾನು ಏನು ಮಾಡ್ತೀನಿ ಅಂತ' ಎಂದು ಕೇಳಿ. ಅವರು 'ಸರ್ಕಾರದಿಂದ ಏನಾದ್ರೂ ಕೊಡಿಸ್ತೀರಿ' ಅಂದರೆ ಅರ್ಥವಾಗಿಲ್ಲ, ಇನ್ನೊಮ್ಮೆ ಹೇಳಬೇಕು. ಮಾತಾಡಲು, ರೆಕಾರ್ಡ್ ಮಾಡಲು, ಅವರ ಮಾತನ್ನು ಹಾಗೇ ಬಳಸಲು ಬೇರೆ ಬೇರೆಯಾಗಿ ಕೇಳಿ. ಮಾತಿಗೆ ಹೂಂ ಅಂದು ಫೋನಿಗೆ ಬೇಡ ಅನ್ನುವವರು ಬಹಳ. ನಿಮ್ಮ ನೋಟ್‌ಬುಕ್‌ನಲ್ಲಿ ಸಂಕೇತ ಸಂಖ್ಯೆ, ದಿನಾಂಕ, ಯಾವುದಕ್ಕೆ ಒಪ್ಪಿದರು ಎಂಬುದಿದ್ದು, ಕೆಳಗೆ ನಿಮ್ಮ ಸಹಿ ಇದ್ದರೆ ಸಾಕು. ರೆಕಾರ್ಡ್ ಮಾಡಿದರೆ ಫೋನಿನ ಆಡಿಯೊ ತಾನಾಗೇ ಗೂಗಲ್ ಡ್ರೈವ್‌ಗೆ ಹೋಗದಂತೆ ನೋಡಿಕೊಳ್ಳಿ. ಬರೆದಿಳಿಸಿದ ಮೇಲೆ ಅಳಿಸಿ. ದನಿಯೂ ಗುರುತೇ.

ಪಾಸ್ಟರ್ ಒಪ್ಪಿದ್ದು ಊರೊಳಗೆ ಕಾಲಿಡಲು ಸಿಕ್ಕ ಅನುಮತಿ ಮಾತ್ರ. 'ಅಯ್ಯನವರು ಕಳಿಸ್ಯಾರ' ಅಂದಮೇಲೆ ಆ ಹೆಂಗಸು ಬೇಡ ಅನ್ನುವುದು ಹೇಗೆ? ಪಾಸ್ಟರ್ ಹತ್ತು ಹೆಸರು ಕೊಟ್ಟರೆ, ಬೇರೆ ದಾರಿಯಿಂದಲೂ ಜನರನ್ನು ಹುಡುಕಿ. ಯಾರು ಒಪ್ಪಿದರು, ಯಾರು ಒಲ್ಲೆ ಅಂದರು ಎಂದು ಅವರಿಗೆ ಹೇಳಬೇಡಿ.

ಈಗ ಹೆಸರಿನ ವಿಷಯ. ಉದಾಹರಣೆಗೆ ನೀವು ಹೀಗೆ ಬರೆದಿರಿ ಅಂದುಕೊಳ್ಳಿ: 'ಮುದಗಲ್ ಹತ್ತಿರದ ಹಳ್ಳಿಯ ಶಾಂತಮ್ಮ, 45, ಆಶಾ ಕಾರ್ಯಕರ್ತೆ. ಗಂಡ ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು.' ಹೆಸರು ಸುಳ್ಳು. ಆದರೆ ಮುದಗಲ್ ಸುತ್ತ ಚರ್ಚಿಗೆ ಹೋಗುವ ಆಶಾ ಎಷ್ಟು ಜನ ಇರುತ್ತಾರೆ? ಗಣಿ ಸೇರಿದರೆ ಒಬ್ಬರೇ ಉಳಿಯುತ್ತಾರೆ. ಅದನ್ನು 'ಲಿಂಗಸುಗೂರು ತಾಲೂಕು, ನಡುವಯಸ್ಸು, ಸಣ್ಣ ಸಂಬಳದ ಕೆಲಸ' ಎಂದು ಮಾಡಿ, ಗಂಡನ ಮಾತು ಬಿಡಿ. ಗಣಿಯ ವಿಷಯ ನಿಮ್ಮ ವಾದಕ್ಕೆ ಬೇಕೇ ಬೇಕು ಅಂದರೆ ಅದನ್ನು ಇಟ್ಟು ಊರು, ಕೆಲಸ ಎರಡನ್ನೂ ತೆಗೆಯಿರಿ. ಅದೇ ಸಭೆಯ ಒಬ್ಬರು ಓದಿದರೆ ಯಾರೆಂದು ಹೊಳೆಯುತ್ತದೆಯಾ? ಪ್ರತಿ ಪ್ಯಾರಾಕ್ಕೂ ಈ ಪ್ರಶ್ನೆ ಹಾಕಿಕೊಳ್ಳಿ. ಹೊರಗಿನವರಿಗಿಂತ ಒಳಗಿನವರಿಗೆ ಗುರುತು ಬೇಗ ಸಿಗುತ್ತದೆ, ಜಗಳ ಹುಟ್ಟುವುದೂ ಅಲ್ಲೇ.

ಇನ್ನೊಂದು ಗಮನಿಸಿ. ಕೆಲವರಿಗೆ ಕಾಗದದಲ್ಲಿ ಹುಲಿಗೆಮ್ಮ, ಚರ್ಚಿನಲ್ಲಿ ಮರಿಯಮ್ಮ, ಹೀಗೆ ಎರಡು ಹೆಸರು ಇರುತ್ತವೆ. ಮಾತಿನ ನಡುವೆ ಎರಡೂ ಬರುತ್ತವೆ. ಒಂದನ್ನು ಬದಲಿಸಿ ಇನ್ನೊಂದನ್ನು ಹಾಗೇ ಬಿಟ್ಟರೆ ಆ ಎರಡು ಲೋಕಗಳನ್ನು ನೀವೇ ಜೋಡಿಸಿಕೊಟ್ಟಂತೆ. ಸಂಕೇತ ಸಂಖ್ಯೆ ಮತ್ತು ನಿಜ ಹೆಸರಿನ ಪಟ್ಟಿ ಬೇಕಾದರೆ ಬೇರೆ ಕಡೆ ಪಾಸ್‌ವರ್ಡ್ ಹಾಕಿ ಇಡಿ, ಬರವಣಿಗೆ ಮುಗಿದ ದಿನ ಅಳಿಸಿ. ನನ್ನ ಕೇಳಿದರೆ, ಪಟ್ಟಿಯೇ ಬೇಡ.

ಮಾತು ಹಿಂತೆಗೆದುಕೊಳ್ಳಲು 'ಯಾವಾಗ ಬೇಕಾದರೂ' ಅನ್ನಬೇಡಿ, ಪ್ರಬಂಧ ಸಲ್ಲಿಸಿದ ಮೇಲೆ ಅದು ಆಗದ ಕೆಲಸ. 'ಯುಗಾದಿವರೆಗೂ ಹೇಳಬಹುದು' ಎಂದು ಅವರಿಗೆ ನೆನಪಿರುವ ಗಡುವು ಕೊಡಿ. ಪಟ್ಟಿ ಇಲ್ಲದಿದ್ದರೆ ಸಂಕೇತ ಸಂಖ್ಯೆಯನ್ನು ಅವರಿಗೇ ಹೇಳಿಕೊಡಿ, ಅದನ್ನು ಹೇಳಿದರೆ ಅವರ ಭಾಗ ತೆಗೆಯಬಹುದು. ನಿಮ್ಮ ನಂಬರಿನ ಚೀಟಿ ಕೊಡುವಾಗ ಅದರಲ್ಲಿ ಅಧ್ಯಯನದ ಹೆಸರು ಬರೆಯಬೇಡಿ. ನಿಮ್ಮ ಹೆಸರು, ಫೋನ್ ನಂಬರ್ ಅಷ್ಟೇ ಇರಲಿ.