ಮೂರು ತಿಂಗಳ ಪ್ರಾಜೆಕ್ಟ್‌ಗೆ ಶಾಲಾಮಕ್ಕಳ ನಿದ್ದೆಯ ವಿಷಯ ಆಗುತ್ತಾ?

"ಹೈಸ್ಕೂಲ್ ಮಕ್ಕಳ ಫೋನ್ ಬಳಕೆ ಮತ್ತು ನಿದ್ದೆಯ ಬಗ್ಗೆ ಪ್ರಾಜೆಕ್ಟ್ ಮಾಡಬೇಕು ಅಂತಿದ್ದೇನೆ. ಇರುವುದು ಮೂರು ತಿಂಗಳು, ದುಡ್ಡೂ ಕಮ್ಮಿ. ವಿಷಯ ಜಾಸ್ತಿ ದೊಡ್ಡದಾಯ್ತಾ?"

ದೊಡ್ಡದೋ ಚಿಕ್ಕದೋ ಅನ್ನುವ ಲೆಕ್ಕ ಬಿಡಿ. ಹೆಚ್ಚುಕಮ್ಮಿ ಇದೇ ವಿಷಯ ನಾನೂ ಹಿಡಿದಿದ್ದೆ. ಅದು ಕೆಟ್ಟಿದ್ದು ಅನುಮತಿಯಲ್ಲಿ.

ಶಾಲೆಯ ಮುಖ್ಯಶಿಕ್ಷಕರು ಖುಷಿಯಿಂದ ಒಪ್ಪಿದ್ದರು. ಅಧ್ಯಯನದಲ್ಲಿ ಭಾಗವಹಿಸುವವರಿಗೆ ಅನ್ಯಾಯವಾಗದ ಹಾಗೆ ನೋಡಿಕೊಳ್ಳುವ ಎಥಿಕ್ಸ್ ಕಮಿಟಿಗೆ ಅರ್ಜಿಯೂ ಹೋಗಿತ್ತು, ಉತ್ತರ ಬಂದಿರಲಿಲ್ಲ. ಮಕ್ಕಳಿಗೆ ಪರೀಕ್ಷೆ ಹತ್ತಿರ ಬರುತ್ತಿದೆ, ಹೇಗಿದ್ದರೂ ಕಮಿಟಿ ಒಪ್ಪುತ್ತದೆ ಅಂತ ಪ್ರಶ್ನಾವಳಿ ಹಂಚಿಬಿಟ್ಟೆ. ಇದನ್ನು ಬಿಡಿಸಿಯೇ ಹೇಳುತ್ತೇನೆ. ಮುಖ್ಯಶಿಕ್ಷಕರ ಅನುಮತಿ ಅಂದರೆ ಶಾಲೆಯೊಳಗೆ ಬರಬಹುದು ಅಂತ, ಅಷ್ಟೇ. ಮಗುವಿನ ಪರವಾಗಿ ಸಹಿ ಹಾಕಬೇಕಾದವರು ಹೆತ್ತವರು. ಅವರು ಸಹಿ ಹಾಕಿದ ಮೇಲೂ ಮಗು ಬೇಡ ಅಂದರೆ ಬೇಡ. ಇದೆಲ್ಲ ಶುರುವಾಗಬೇಕಾದದ್ದೇ ಕಮಿಟಿಯ ಒಪ್ಪಿಗೆ ಬಂದ ಮೇಲೆ. ಮೊದಲೇ ತುಂಬಿಸಿಕೊಂಡ ಹಾಳೆಗಳಿಗೆ ಕಮಿಟಿ ಆಮೇಲೆ ಒಪ್ಪಿಗೆ ಕೊಡಲಿಲ್ಲ. ಒಂದು ಕಟ್ಟು ಪ್ರಶ್ನಾವಳಿ, ಮಕ್ಕಳು ಅಂಚಿನಲ್ಲಿ ಗೀಚಿದ ಚಿತ್ರಗಳ ಸಮೇತ, ಎಲ್ಲ ನಾಶಮಾಡಬೇಕಾಯಿತು.

ಈಗ ನಿಮ್ಮ 12 ವಾರಗಳನ್ನು ಕೊನೆಯಿಂದ ಎಣಿಸಿ. ಬರೆಯುವುದಕ್ಕೆ 3, ವಿಶ್ಲೇಷಣೆಗೆ 2. ಉಳಿದಿದ್ದು 7. ಅದರಲ್ಲಿ ಕಮಿಟಿಗೇ 4 ಇಡಿ. ಎಷ್ಟೋ ಕಡೆ ಕಮಿಟಿ ತಿಂಗಳಿಗೊಮ್ಮೆ ಕೂರುತ್ತದೆ, ಒಂದು ತಿದ್ದುಪಡಿ ಕೇಳಿದರೂ ಮುಂದಿನ ಸಭೆಗೆ ಹೋಗಬಹುದು. ಅಂದರೆ ಮಾಹಿತಿ ಸಂಗ್ರಹಕ್ಕೆ ಬರೀ 3 ವಾರ. ಫೋನ್ ಬಳಕೆಗೂ ನಿದ್ದೆಗೂ 0.3ರಷ್ಟು ಸಹಸಂಬಂಧ ಇದ್ದರೆ ಅದನ್ನು ಹಿಡಿಯಲು, ಸಾಮಾನ್ಯವಾಗಿ ಇಟ್ಟುಕೊಳ್ಳುವ 80% ಪವರ್‌ಗೆ, ಅಂದರೆ ಇರುವ ಸಂಬಂಧ ನೂರರಲ್ಲಿ 80 ಸಲವಾದರೂ ಸಿಗುವ ಹಾಗೆ, ಸುಮಾರು 85 ಮಂದಿ ಬೇಕು. ಸಹಿ ಹಾಕಿದ ಚೀಟಿ ಅರ್ಧದಷ್ಟು ವಾಪಸ್ ಬಂದರೂ 170 ಮನೆಗಳಿಗೆ ಕಳಿಸಬೇಕು.

ದುಡ್ಡಿನ ಕಥೆಯೂ ಕೊನೆಗೆ ಸಮಯದ ಕಥೆಯೇ. ನಿದ್ದೆ ಅಳೆಯುವ ಕೈಪಟ್ಟಿ 10 ಮಾತ್ರ ಸಿಕ್ಕಿತು ಅಂದುಕೊಳ್ಳಿ. ಒಬ್ಬೊಬ್ಬರೂ ಒಂದು ವಾರ ಕಟ್ಟಿಕೊಂಡರೆ 85 ಮಂದಿಗೆ 9 ವಾರ! ಅಲ್ಲಿಗೆ ಕೈಪಟ್ಟಿಯ ಆಸೆ ಬಿಡಿ.

ನನ್ನ ಮಾತು ಕೇಳುವುದಾದರೆ ಶಾಲಾಮಕ್ಕಳನ್ನೇ ಬಿಡಿ. ಅದೇ ಪ್ರಶ್ನೆಯನ್ನು 18 ದಾಟಿದ ಕಾಲೇಜು ವಿದ್ಯಾರ್ಥಿಗಳಿಗೆ ಕೇಳಿ, ಹೆಸರು ಬರೆಸದೆ. ಹೆತ್ತವರ ಸಹಿಯ ಹಂತವೇ ಹೋಗುತ್ತದೆ, ಕಮಿಟಿಯ ಪರಿಶೀಲನೆಯೂ ಹಗುರವಾಗಬಹುದು. ಹದಿನಾಲ್ಕರ ಮಕ್ಕಳ ಬಗ್ಗೆ ಆಗ ಏನೂ ಹೇಳುವ ಹಾಗಿಲ್ಲ, ಅದನ್ನು ವರದಿಯ ಶೀರ್ಷಿಕೆಯಲ್ಲೇ ಒಪ್ಪಿಕೊಳ್ಳಿ. ಮಕ್ಕಳೇ ಬೇಕು ಅಂದರೆ, ಬೇರೆಯವರು ಈಗಾಗಲೇ ಸಂಗ್ರಹಿಸಿ ಹೆಸರು ತೆಗೆದಿಟ್ಟ ಸಮೀಕ್ಷೆಯ ಮಾಹಿತಿ ಹುಡುಕಿ. ಅದಕ್ಕೆ ಪೂರ್ತಿ ಪರಿಶೀಲನೆ ಬೇಕೋ ಬೇಡವೋ ಅನ್ನುವುದನ್ನು ನೀವೇ ತೀರ್ಮಾನಿಸಬೇಡಿ, ಕಮಿಟಿಯಿಂದ ಬರಹದಲ್ಲಿ ಪಡೆಯಿರಿ. ಮುಂದಿನ ಸಭೆ ಯಾವತ್ತು, ಅರ್ಜಿಗೆ ಕೊನೇ ದಿನ ಯಾವುದು ಅಂತ ಗೈಡ್ ಹತ್ತಿರ ಹೋಗುವ ಮೊದಲೇ ಕೇಳಿಕೊಂಡು ಬನ್ನಿ.